ಅಂಚಿಗೆ ತೂಗಿದ ಹಿತ್ತಾಳೆ ತಟ್ಟೆ

ಮುಂಬಯಿಯ ಸಯನ್ ಸ್ಟೇಷನ್ನಿನ ಎದುರು ಇದ್ದ ಮೋನಪ್ಪನ ಹೋಟೆಲಿಗೆ ಬೋರ್ಡು ಇತ್ತು, ಬೋರ್ಡಿನ ಮೇಲೆ ದೇವರ ಹೆಸರೂ ಇತ್ತು. ಆದರೂ ಸುತ್ತಲಿನ ಚಾಳುಗಳವರು ಅದನ್ನು ಕರೆಯುತ್ತಿದ್ದದ್ದು ‘ಮಿಸ್ಸಿನ ಅಪ್ಪನ ಹೋಟೆಲು’ ಎಂದೇ. ಮಿಸ್ ಎಂದರೆ ಮೋನಪ್ಪನ ಒಬ್ಬಳೇ ಮಗಳು ನೀಲಾವತಿ. ಮಾಟುಂಗದ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಅವಳು ಡೆಮಾನ್‌ಸ್ಟ್ರೇಟರ್ ಆಗಿದ್ದಳು. ಉಡುಪಿ ಕಡೆಯಿಂದ ಬಂದು, ಲೋಟ ತೊಳೆದು, ಕೊನೆಗೆ ಸ್ವಂತ ಗಲ್ಲಾದ ಮೇಲೆ ಕೂತ ಮೋನಪ್ಪನಿಗೆ ಮಗಳ ಹುದ್ದೆಯ ಹೆಸರು ನಾಲಗೆಯ ಮೇಲೆ ಹೊರಳುತ್ತಿರಲಿಲ್ಲ. “ನಮ್ಮ ನೀಲು ಕಾಲೇಜಿನಲ್ಲಿ ತೂಗುವುದು, ಅಳೆಯುವುದು ಮಾಡ್ತಾಳೆ” ಎನ್ನುತ್ತಿದ್ದ. ಕೇಳಿದವರು ಅದೇನೋ ರೇಷನ್ ಆಫೀಸು ಎಂದುಕೊಂಡು ಸುಮ್ಮನಾಗುತ್ತಿದ್ದರು.

ನೀಲಾವತಿಗೆ ಆಗ ಮೂವತ್ತು ದಾಟಿತ್ತು. ಮದುವೆಯ ಮಾತು ಬಂದು ಬಂದು ತಾನಾಗಿಯೇ ದಣಿದು ಹೋಗಿತ್ತು. ಅದರ ಬಗ್ಗೆ ನೆಂಟರಿಷ್ಟರು ಮರುಗಿದಷ್ಟು ಅವಳು ಮರುಗಿದವಳಲ್ಲ. ಬೆಳಿಗ್ಗೆ ಅಪ್ಪನ ಹೋಟೆಲಿನ ಒಂದು ಮೂಲೆಯಲ್ಲಿ ಕೂತು ಇಡ್ಲಿ ತಿನ್ನುವುದು, ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ನಿಂತುಕೊಂಡೇ ಒಂದು ಸ್ಟೇಷನ್ನು ಹೋಗುವುದು, ಲ್ಯಾಬಿನ ಬೀಗ ತೆಗೆದು ತಕ್ಕಡಿಗಳ ಮೇಲಿನ ಬಟ್ಟೆ ಸರಿಸುವುದು. ಆ ಬಟ್ಟೆ ಸರಿಸುವ ಗಳಿಗೆಯಲ್ಲಿ ಅವಳಿಗೆ ದಿನವೂ ಒಂದು ಸಣ್ಣ ಖುಷಿ ಆಗುತ್ತಿತ್ತು. ಅಂಥ ಖುಷಿ ದಿನಕ್ಕೊಂದು ಸಿಕ್ಕರೆ ಮನುಷ್ಯನಿಗೆ ಇನ್ನೇನು ಬೇಕು, ನೀವೇ ಹೇಳಿ.

ಲ್ಯಾಬಿನಲ್ಲಿ ಅವಳ ಎರಡು ಮಾತುಗಳು ಹುಡುಗರ ಬಾಯಲ್ಲಿ ಗಾದೆಯಾಗಿದ್ದವು. ಒಂದು, “ಗುಂಡಿನ ಮಧ್ಯದವರೆಗೆ!” ದಾರಕ್ಕೆ ಲೋಹದ ಗುಂಡು ಕಟ್ಟಿ ತೂಗಿಬಿಡುವ ಪ್ರಯೋಗದಲ್ಲಿ ಉದ್ದ ಅಳೆಯುವಾಗ ಹುಡುಗರು ದಾರ ಮುಗಿಯುವಲ್ಲಿಗೇ ನಿಲ್ಲಿಸುತ್ತಿದ್ದರು, ಇಲ್ಲವೇ ಗುಂಡಿನ ತಳದವರೆಗೆ ಸ್ಕೇಲು ಇಳಿಸುತ್ತಿದ್ದರು. ಆಗ ಹಿಂದಿನಿಂದ ಈ ಕೂಗು ಬರುತ್ತಿತ್ತು. ಭಾರವೆಲ್ಲ ಒಟ್ಟಾಗಿ ನಿಂತಂತಿರುವುದು ಮಧ್ಯದಲ್ಲಿ, ಹಾಗಾಗಿ ಅಲ್ಲಿಯವರೆಗೇ ಅಳೆಯಬೇಕು ಎಂಬುದು ಇದರ ಅರ್ಥ. ಎರಡನೆಯ ಮಾತು, “ಅಡುಗೆ ಮಾಡುವುದು ನನ್ನ ಅಪ್ಪನ ಕಸುಬು, ನಿಮ್ಮದಲ್ಲ.” ಬರಬೇಕಾದ ಉತ್ತರ ಗೊತ್ತಿದ್ದು, ಅದರಿಂದ ಹಿಂದಕ್ಕೆ ಲೆಕ್ಕ ಮಾಡಿ, ನೋಡದ ಅಳತೆಗಳನ್ನು ನೋಡಿದಂತೆ ಬರೆಯುವುದಕ್ಕೆ ಕಾಲೇಜಿನ ಹುಡುಗರು ‘ಕುಕ್ ಮಾಡುವುದು’ ಎನ್ನುತ್ತಿದ್ದರು. ಭೂಮಿಯ ಸೆಳೆತ ಕಂಡುಹಿಡಿಯುವ ಪ್ರಯೋಗಕ್ಕೆ ಸೆಂಟಿಮೀಟರ್ ಲೆಕ್ಕದಲ್ಲಿ ಉತ್ತರ ಒಂಬೈನೂರ ಎಂಬತ್ತು ಎಂಬುದು ಲ್ಯಾಬಿನ ಜಾಡಮಾಲಿಗೂ ಗೊತ್ತು. ಹತ್ತು ಹುಡುಗರಿಗೆ ಹತ್ತಕ್ಕೆ ಹತ್ತೂ ಒಂಬೈನೂರ ಎಂಬತ್ತೇ ಬಂದರೆ ನೀಲಾವತಿ ಮೂಗು ಹಿಗ್ಗಿಸಿ, “ಒಗ್ಗರಣೆ ವಾಸನೆ ಬರ್ತಾ ಉಂಟು” ಎನ್ನುತ್ತಿದ್ದಳು. ಎಲ್ಲರೂ ಮತ್ತೆ ಮಾಡಬೇಕಾಗುತ್ತಿತ್ತು.

ನಯೇ ಪೈಸೆ ಬಂದು ಜನ ಇನ್ನೂ ಆಣೆಯಲ್ಲೇ ಲೆಕ್ಕ ಹಾಕುತ್ತಿದ್ದ ವರ್ಷ ಅದು. ಮಳೆಗಾಲದ ಟರ್ಮು ಶುರುವಾಗುವಾಗ ಲ್ಯಾಬಿಗೆ ಒಂದು ಹೊಸ ಪ್ರಯೋಗ ಬಂತು. ಕುರ್ಲಾದ ಲೇತ್ ಅಂಗಡಿಯಲ್ಲಿ ಕಡೆಸಿದ ಹಿತ್ತಾಳೆಯ ತಟ್ಟೆ. ಗಟ್ಟಿ, ದುಂಡಗೆ, ಎಲ್ಲ ಕಡೆ ಒಂದೇ ದಪ್ಪ, ತಿಕ್ಕಿದರೆ ಮುಖ ಕಾಣುವಷ್ಟು ನುಣುಪು. ಅಂಚಿಗೆ ತಾಗಿಕೊಂಡೇ ಸೂಜಿಯಷ್ಟು ತೂತು. ಗೋಡೆಯ ಉಕ್ಕಿನ ಸೂಜಿಗೆ ಆ ತೂತನ್ನು ಸಿಕ್ಕಿಸಿ, ತಟ್ಟೆಯನ್ನು ಒಂಚೂರು ಪಕ್ಕಕ್ಕೆ ಎಳೆದುಬಿಟ್ಟರೆ ಅದು ಗಡಿಯಾರದ ಲೋಲಕದ ಹಾಗೆ ಅತ್ತಿತ್ತ ತೂಗುತ್ತಿತ್ತು. ಇಪ್ಪತ್ತು ತೂಗಾಟಕ್ಕೆ ಎಷ್ಟು ಸೆಕೆಂಡು ಎಂದು ಸ್ಟಾಪ್‌ವಾಚಿನಲ್ಲಿ ನೋಡಬೇಕು. ಅದರಿಂದ ಭೂಮಿಯ ಸೆಳೆತ ಕಂಡುಹಿಡಿಯಬೇಕು.

ದಾರದ ಗುಂಡಿನಷ್ಟು ಸಸಾರದ ಲೆಕ್ಕವಲ್ಲ ಇದು. ಗುಂಡು ಬರೀ ತೂಗುತ್ತದೆ, ತಟ್ಟೆ ತೂಗುತ್ತ ತೂಗುತ್ತ ತಾನೂ ತಿರುಗುತ್ತದೆ. ತಿರುಗಲು ಪ್ರತಿಯೊಂದು ವಸ್ತುವಿಗೂ ಒಂದು ಮೊಂಡುತನ ಇರುತ್ತದೆ. ಗಟ್ಟಿ ತಟ್ಟೆಯನ್ನು ಅದರ ಮಧ್ಯಕ್ಕೇ ಸೂಜಿ ಹಾಕಿ ತಿರುಗಿಸಿದರೆ ಆ ಮೊಂಡುತನ, ತಟ್ಟೆಯ ದ್ರವ್ಯರಾಶಿಯನ್ನು ತ್ರಿಜ್ಯದ ವರ್ಗದಿಂದ ಗುಣಿಸಿದ್ದರಲ್ಲಿ ಅರ್ಧ. ಸೂಜಿಯನ್ನು ಮಧ್ಯದಿಂದ ಸರಿಸಿ ಬೇರೆ ಕಡೆ ಚುಚ್ಚಿದರೆ ಮೊಂಡುತನ ಹೆಚ್ಚುತ್ತದೆ. ಎಷ್ಟು ಹೆಚ್ಚುತ್ತದೆ ಎಂದು ಹೇಳುವುದೇ ಸಮಾಂತರ ಅಕ್ಷಗಳ ಪ್ರಮೇಯ. ಮಧ್ಯದಿಂದ ಹೊಸ ಸೂಜಿಯವರೆಗೆ ಎಷ್ಟು ದೂರವೋ ಅದರ ವರ್ಗವನ್ನು ದ್ರವ್ಯರಾಶಿಯಿಂದ ಗುಣಿಸಿ, ಮೊದಲಿನದಕ್ಕೆ ಕೂಡಿಸಬೇಕು. ಸೂಜಿ ಅಂಚಿನಲ್ಲಿದ್ದರೆ ಆ ದೂರ ತ್ರಿಜ್ಯದಷ್ಟೇ. ಅರ್ಧಕ್ಕೆ ಒಂದು ಕೂಡಿದರೆ ಒಂದೂವರೆ. ಅಷ್ಟೇ.

ಅಷ್ಟೇ ಎಂದು ಈಗ ನಾನು ಹೇಳುತ್ತಿದ್ದೇನೆ. ಪ್ರಯೋಗವನ್ನು ಜೋಡಿಸಿದ ನೀಲಾವತಿ, ತಟ್ಟೆಯ ಪಕ್ಕದ ಮೊಳೆಗೆ ಒಂದು ರಟ್ಟಿನ ಚೀಟಿ ನೇತುಹಾಕಿದ್ದಳು. ಹುಡುಗರು ಗೋಡೆ ಹತ್ತಿ ಅಳೆಯುವ ನೆಪದಲ್ಲಿ ತಟ್ಟೆ ಬೀಳಿಸಬಾರದು ಎಂದು ಅವಳೇ ಅಳೆದು ಮುದ್ದಾಗಿ ಬರೆದಿದ್ದಳು: ‘ಸೂಜಿಯಿಂದ ದೂರ, ಮೂವತ್ತು ಸೆಂಟಿಮೀಟರ್’.

ತಟ್ಟೆಯ ಪೂರ್ತಿ ಅಗಲ ಮೂವತ್ತು. ಮಧ್ಯ ಇರುವುದು ಹದಿನೈದರಲ್ಲಿ. ವರ್ಷವಿಡೀ ಮಧ್ಯ, ಮಧ್ಯ ಎಂದು ಕೂಗಿದವಳೇ ತಳದವರೆಗೆ ಸ್ಕೇಲು ಇಳಿಸಿಬಿಟ್ಟಿದ್ದಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ.

ವಿಷಯ ಅಲ್ಲೇ ಮುಗಿಯಬೇಕಿತ್ತು. ಮೊದಲ ಹುಡುಗ ತೂಗಾಟ ಎಣಿಸಿ ಲೆಕ್ಕ ಮಾಡಿದೊಡನೆ ಉತ್ತರ ಒಂದೂವರೆ ಪಟ್ಟು ಬರಬೇಕು, “ಮಿಸ್, ಏನೋ ಎಡವಟ್ಟಾಗಿದೆ” ಎನ್ನಬೇಕು, ಅವಳು ಚೀಟಿ ತಿದ್ದಬೇಕು. ಆದರೆ ಮೊದಲು ಮಾಡಿದವನು ಸದಾನಂದ. ಮುಂಬಯಿಯಲ್ಲೇ ಹುಟ್ಟಿ ಬೆಳೆದ, ಕೂದಲಿಗೆ ಎಣ್ಣೆ ಹಚ್ಚಿ ಅಲೆ ಎಬ್ಬಿಸುತ್ತಿದ್ದ ಚುರುಕು ಹುಡುಗ. ಅವನಿಗೆ ಅತ್ತ ಕ್ರಿಕೆಟ್ ಕಾಯುತ್ತಿತ್ತು. ತಟ್ಟೆಯನ್ನು ಒಮ್ಮೆ ಮುಟ್ಟಿ, ಅದು ತೂಗುವುದನ್ನು ಎರಡು ಗಳಿಗೆ ಮೆಚ್ಚಿ, ಬೆಂಚಿಗೆ ಬಂದು ಕೂತು ಒಂಬೈನೂರ ಎಂಬತ್ತರಿಂದ ಹಿಂದಕ್ಕೆ ನಡೆದ. ಚೀಟಿಯ ಮೂವತ್ತನ್ನು ಹಾಕಿದಾಗ ಇಪ್ಪತ್ತು ತೂಗಾಟಕ್ಕೆ ಇಪ್ಪತ್ತಮೂರು ಸೆಕೆಂಡಿನ ಮೇಲೆ ಒಂಚೂರು ಬರಬೇಕು ಎಂದು ಸಿಕ್ಕಿತು. ಅದನ್ನೇ ಬರೆದ. ಬುದ್ಧಿವಂತ ಬೇರೆ, ಮಿಸ್ಸಿನ ಮೂಗಿನ ಮಹಿಮೆ ಗೊತ್ತಿದ್ದವ. ಗೆಳೆಯರಿಗೆಲ್ಲ, “ಏ, ಎಲ್ಲರೂ ಎಂಬತ್ತೇ ಬರೀಬೇಡಿ. ಥೋಡಾ ಊಪರ್, ಥೋಡಾ ನೀಚೇ” ಎಂದು ಹಂಚಿಕೊಟ್ಟ. ಒಬ್ಬನಿಗೆ ಒಂಬೈನೂರ ಎಪ್ಪತ್ತಾರು ಬಂತು, ಇನ್ನೊಬ್ಬನಿಗೆ ಎಂಬತ್ತೈದು. ಇವನು ಎಂಬತ್ತೆರಡು ಇಟ್ಟುಕೊಂಡ. ನೋಡಲು ನಿಜವಾದ ಅಳತೆಗಳಂತೆಯೇ ಹದವಾಗಿ ಚೆದುರಿದ್ದವು. ನೀಲಾವತಿಗೆ ಒಗ್ಗರಣೆಯ ವಾಸನೆ ಬರಲಿಲ್ಲ. ತನ್ನ ಹೊಸ ಪ್ರಯೋಗ ಇಷ್ಟು ಚೆಂದ ಬರುತ್ತದಲ್ಲ ಎಂದು ಹಿಗ್ಗಿದಳು.

ಆ ಬ್ಯಾಚಿನಲ್ಲಿ ಕೊನೆಗೆ ಉಳಿದವಳು ದಾನವ್ವ. ವಿಜಾಪುರದ ಕಡೆಯ ಹುಡುಗಿ. ಅವಳ ಅಪ್ಪ ಶಂಕ್ರೆಪ್ಪ ರೈಲ್ವೆಯಲ್ಲಿ ಗುಮಾಸ್ತ. ಮಗಳು ಓದಲಿ ಎಂದು ತನ್ನ ಅವ್ವನ ಜೊತೆ ಜಗಳವಾಡಿ ಸಯನ್ನಿನ ಒಂದು ಕೋಣೆಯಲ್ಲಿ ಸಂಸಾರ ಇಟ್ಟಿದ್ದ. ದಾನವ್ವ ಮಾತು ಕಡಿಮೆ, ಕೈ ನಿಧಾನ. ನೂರಕ್ಕೆ ನೂರು ಎಣಿಸಿಯೇ ಎಣಿಸುವ ಜಾತಿ. ಜ್ವರ ಬಂದು ಮಲಗಿದ್ದರಿಂದ ಈ ಪ್ರಯೋಗ ಹಿಂದೆ ಬಿದ್ದಿತ್ತು. ಯೂನಿವರ್ಸಿಟಿ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಬೇಕಾದರೆ ಎಲ್ಲ ಪ್ರಯೋಗಗಳೂ ಮುಗಿದು, ಪ್ರಯೋಗಗಳನ್ನು ಬರೆಯುವ ಜರ್ನಲಿಗೆ ಡೆಮಾನ್‌ಸ್ಟ್ರೇಟರ ಸಹಿ ಬೀಳಬೇಕು. ಸೋಮವಾರ ಕೊನೆಯ ದಿನ. ಸಹಿ ಬೀಳದಿದ್ದರೆ ಆ ವರ್ಷ ಮುಳುಗಿದ ಹಾಗೆ. ಒಂದು ವರ್ಷ ಮುಳುಗಿದರೆ ಅವ್ವನ ಬಾಯಿಗೆ ಶಂಕ್ರೆಪ್ಪ ಎರಡನೇ ಸಲ ಎದುರು ನಿಲ್ಲಲಾರ ಎಂಬುದು ದಾನವ್ವನಿಗೂ ಗೊತ್ತಿತ್ತು, ನೀಲಾವತಿಗೂ ಗೊತ್ತಿತ್ತು.

ಶುಕ್ರವಾರ ಮಧ್ಯಾಹ್ನ ದಾನವ್ವ ಉತ್ತರ ತಂದು ತೋರಿಸಿದಳು. ಒಂದು ಸಾವಿರದ ನಾನೂರ ಅರವತ್ತೊಂದು.

“ಇದೆಂತದು ಮಾರಾಯ್ತಿ?” ಎಂದಳು ನೀಲಾವತಿ. “ಭೂಮಿ ಇದ್ದಕ್ಕಿದ್ದ ಹಾಗೆ ಒಂದೂವರೆ ಪಟ್ಟು ಎಳೆಯಲಿಕ್ಕೆ ಶುರು ಮಾಡಿತಾ? ನಾವೆಲ್ಲ ನೆಲಕ್ಕೆ ಅಂಟಿಕೊಳ್ಳಬೇಕಿತ್ತಲ್ಲ.”

ಹುಡುಗರು ನಕ್ಕರು. ದಾನವ್ವ ಹೋಗಿ ಮತ್ತೆ ತೂಗಿಸಿದಳು. ಇಪ್ಪತ್ತು ತೂಗಾಟಕ್ಕೆ ಹತ್ತೊಂಬತ್ತು ಸೆಕೆಂಡು, ಒಂದು ಚೂರು ಮೇಲೆ. ಮತ್ತೊಮ್ಮೆ ತೂಗಿಸಿದಳು. ಅದೇ. ವಾಚು ಬದಲಿಸಿದಳು. ಅದೇ.

“ಅಕ್ಕೋರ, ನೀವ ಒಂದ್ ಸಲ ಎಣಸಿ ನೋಡ್ರೆಲಾ” ಎಂದಳು ಮೆಲ್ಲಗೆ. ಕಾಲೇಜಿನಲ್ಲಿ ಎಲ್ಲರೂ ಮಿಸ್ ಎಂದರೂ ಗಾಬರಿಯಾದಾಗ ಅವಳ ಬಾಯಿಗೆ ಊರಿನ ಶಾಲೆಯ ಅಕ್ಕೋರೇ ಬರುತ್ತಿದ್ದರು.

“ಇಡೀ ಬ್ಯಾಚಿಗೆ ಇಪ್ಪತ್ತಮೂರು ಬಂದಿದೆ. ನಿನಗೊಬ್ಬಳಿಗೆ ಹತ್ತೊಂಬತ್ತು. ಎಣಿಸುವಾಗ ಎಲ್ಲೋ ಹಾರಿಸ್ತಾ ಇದ್ದೀ. ಸೋಮವಾರ ಸರಿಯಾಗಿ ಮಾಡಿ ತಾ, ಸಹಿ ಹಾಕ್ತೇನೆ” ಎಂದಳು ನೀಲಾವತಿ. ಕೊಂಕಿನಿಂದ ಹೇಳಿದ್ದಲ್ಲ, ಕೆಲಸ ಬಹಳ ಇತ್ತು. ಆದರೆ ಕೇಳಿಸಿಕೊಂಡವಳಿಗೆ ಕೊಂಕೂ ಕೆಲಸವೂ ಒಂದೇ. ದಾನವ್ವ ತಲೆ ತಗ್ಗಿಸಿಕೊಂಡು ಹೋದಳು.

ಆ ತಗ್ಗಿಸಿದ ತಲೆ ನೀಲಾವತಿಯ ಜೊತೆಗೇ ಲೋಕಲ್ ಹತ್ತಿ ಸಯನ್ನಿಗೆ ಬಂತು. ಭಾನುವಾರ ಹೋಟೆಲಿನಲ್ಲಿ ದೋಸೆಯ ಮುಂದೆ ಕೂತಾಗಲೂ ಎದುರಿಗೆ ಅದೇ.

“ಎಂತ ನೀಲು, ದೋಸೆ ಆರ್ತಾ ಉಂಟು” ಎಂದ ಮೋನಪ್ಪ.

“ಅಪ್ಪಾ, ಎಲ್ಲ ಗಿರಾಕಿಗಳೂ ಸಾಂಬಾರು ಚೆನ್ನಾಗಿದೆ ಅಂತಾರೆ. ಒಬ್ಬ ಮಾತ್ರ ಉಪ್ಪು ಜಾಸ್ತಿ ಅಂತಾನೆ. ನೀವು ಎಂತ ಮಾಡ್ತೀರಿ?”

“ಎಂತ ಮಾಡುವುದು? ನಾನೇ ಒಂದು ಚಮಚ ಬಾಯಿಗೆ ಹಾಕಿ ನೋಡ್ತೇನೆ” ಎಂದ ಮೋನಪ್ಪ, ಇಷ್ಟೂ ಗೊತ್ತಿಲ್ಲವಾ ಎಂಬಂತೆ.

ಇಷ್ಟೂ ಗೊತ್ತಿಲ್ಲವಾ ಎಂದು ನೀಲಾವತಿಗೂ ಅನ್ನಿಸಿತು. ಹೊಸ ತಟ್ಟೆ ಬಂದಾಗಿನಿಂದ ಅವಳು ಒಮ್ಮೆಯೂ ತಾನಾಗಿ ಎಣಿಸಿರಲಿಲ್ಲ. ಚೀಟಿ ಬರೆದಳು, ಹುಡುಗರಿಗೆ ಒಳ್ಳೆಯ ಉತ್ತರ ಬಂತು, ನಂಬಿದಳು.

ಸೋಮವಾರ ಬೆಳಿಗ್ಗೆ ಬೇಗ ಹೋಗಿ ಲ್ಯಾಬಿನ ಬೀಗ ತೆಗೆದಳು. ತಕ್ಕಡಿಗಳ ಬಟ್ಟೆ ಹಾಗೇ ಬಿಟ್ಟು ನೇರ ತಟ್ಟೆಯ ಹತ್ತಿರ ಹೋದಳು. ಎಳೆದು ಬಿಟ್ಟಳು, ಎಣಿಸಿದಳು. ಇಪ್ಪತ್ತು ತೂಗಾಟ ಮುಗಿದಾಗ ಮುಳ್ಳು ಹತ್ತೊಂಬತ್ತರ ಮೇಲೆ ಕೂದಲೆಳೆಯಷ್ಟು ದಾಟಿ ನಿಂತಿತ್ತು. ಇಪ್ಪತ್ತಮೂರರ ನೆರಳೂ ಇರಲಿಲ್ಲ. ವಾಚು ಓಡುವುದು ನಿಧಾನವಾಯಿತೇ ಎಂಬ ಅನುಮಾನಕ್ಕೆ ಅವಳು ವಾಚನ್ನೇ ಬದಿಗಿಟ್ಟು, ಒಂದು ದಾರಕ್ಕೆ ಗುಂಡು ಕಟ್ಟಿ ತಟ್ಟೆಯ ಪಕ್ಕದಲ್ಲೇ ತೂಗಿಬಿಟ್ಟಳು. ತಟ್ಟೆಯ ಜೊತೆ ಹೆಜ್ಜೆ ಹಾಕುವ ದಾರ ಎಷ್ಟು ಉದ್ದ ಇರಬೇಕು ಎಂದು ಲೆಕ್ಕದಿಂದ ಸಿಗುತ್ತದೆ. ಚೀಟಿಯ ಮೂವತ್ತು ಹಾಕಿದರೆ ಮೂವತ್ತಮೂರೂ ಮುಕ್ಕಾಲು ಸೆಂಟಿಮೀಟರ್. ಅಷ್ಟು ದಾರ ಬಿಟ್ಟಳು. ಎರಡನ್ನೂ ಒಟ್ಟಿಗೆ ಎಳೆದು ಕೈ ತೆಗೆದಳು. ತಟ್ಟೆ ಮುಂದೆ ಮುಂದೆ ಓಡಿತು, ಗುಂಡು ಹಿಂದೆ ಉಳಿಯಿತು. ದಾರ ಗಿಡ್ಡ ಮಾಡಿದಳು. ಇನ್ನೂ ಹಿಂದೆ. ಮತ್ತೂ ಗಿಡ್ಡ ಮಾಡಿದಳು. ಹೀಗೆ ಎಳೆಯುತ್ತ ಎಳೆಯುತ್ತ ಒಂದು ಸಲ ಎರಡೂ ಜೋಡಿ ಎತ್ತುಗಳ ಹಾಗೆ ಕೂಡಿಕೊಂಡು ಹೋದವು, ಕೂಡಿಕೊಂಡು ಬಂದವು. ನೋಡಲು ಬಹಳ ಚೆಂದ. ಬೇರೆ ದಿನವಾಗಿದ್ದರೆ ನೀಲಾವತಿ ಅದನ್ನೇ ನೋಡುತ್ತ ಕೂರುತ್ತಿದ್ದಳು.

ದಾರದ ಉದ್ದ ಅಳೆಯಲು ಸ್ಕೇಲು ಹಿಡಿದಳು. ಕೈ ರೂಢಿಯಂತೆ ಗುಂಡಿನ ಮಧ್ಯದಲ್ಲಿ ನಿಂತಿತು. ಬಾಯಿಯೂ ರೂಢಿಯಂತೆ ತನ್ನಷ್ಟಕ್ಕೇ ಅಂದಿತು: “ಗುಂಡಿನ ಮಧ್ಯದವರೆಗೆ.”

ಅಂದ ಬಾಯಿ ಹಾಗೇ ತೆರೆದುಕೊಂಡಿತು. ಗುಂಡಿಗೆ ಮಧ್ಯ ಇದೆ, ತಟ್ಟೆಗೆ ಇಲ್ಲವೇ? ಚೀಟಿಯ ಕಡೆ ನೋಡಿದಳು. ತನ್ನದೇ ಮುದ್ದಾದ ಅಕ್ಷರ. ಮೂವತ್ತು.

ಹದಿನೈದು ಹಾಕಿ ಲೆಕ್ಕ ಮಾಡಿದಳು. ಅರ್ಧಕ್ಕೆ ಒಂದು ಕೂಡಿ ಒಂದೂವರೆ ಆಗಬೇಕಿದ್ದ ಮೊಂಡುತನ, ದೂರ ಎರಡು ಪಟ್ಟಾಗಿ ಅದರ ವರ್ಗ ನಾಲ್ಕು ಪಟ್ಟಾಗಿ, ಅರ್ಧಕ್ಕೆ ನಾಲ್ಕು ಕೂಡಿ ನಾಲ್ಕೂವರೆ ಆಗಿತ್ತು. ಮೂರು ಪಟ್ಟು ತಪ್ಪು. ತಟ್ಟೆಯನ್ನು ಮತ್ತೆ ಕೆಳಕ್ಕೆ ಎಳೆಯುವ ಭಾರದ ಲೆಕ್ಕದಲ್ಲೂ ಅದೇ ದೂರ ಬರುವುದರಿಂದ ಅಲ್ಲಿ ಎರಡು ಪಟ್ಟು ತಪ್ಪು. ಮೂರನ್ನು ಎರಡರಿಂದ ಭಾಗಿಸಿದರೆ ಒಂದೂವರೆ. ದಾನವ್ವನ ಭೂಮಿ ಒಂದೂವರೆ ಪಟ್ಟು ಎಳೆದದ್ದು ಇದಕ್ಕೇ. ಸರಿಯಾದ ದಾರ ಇಪ್ಪತ್ತೆರಡೂವರೆ ಬರಬೇಕು. ಅವಳ ಕೈಯಲ್ಲಿದ್ದ ದಾರ ಇಪ್ಪತ್ತೆರಡೂವರೆಯೇ ಇತ್ತು.

ಯಾಕೆ ಹೀಗಾಯಿತು ಎಂಬುದೂ ಕೂಡಲೇ ಹೊಳೆಯಿತು. ಆ ಚೀಟಿ ಬರೆದ ವಾರವೇ ಹೋಟೆಲಿಗೆ ಹೊಸ ದೋಸೆ ಕಾವಲಿ ಮಾಡಿಸಲು ಅಪ್ಪ ಅವಳನ್ನು ಧಾರಾವಿಯ ಕಬ್ಬಿಣದ ವರ್ಕ್‌ಶಾಪಿಗೆ ಕಳಿಸಿದ್ದ. ಹೋಟೆಲಿನವರಿಗೆ ಕಾವಲಿಯ ಅಳತೆ ಎಂದರೆ ಒಂದೇ. ತೊಳೆದು ಮೊಳೆಗೆ ನೇತುಹಾಕುವ ಕಿವಿಯಿಂದ ಕೆಳಗಿನ ಅಂಚಿನವರೆಗೆ. ಗೋಡೆಯಲ್ಲಿ ಅಷ್ಟು ಜಾಗ ಬೇಕು, ಒಲೆಯಲ್ಲೂ ಅಷ್ಟೇ ಜಾಗ ಬೇಕು. ಮಧ್ಯ ಎಲ್ಲಿದೆ ಎಂದು ಯಾವ ಅಡುಗೆ ಭಟ್ಟನೂ ಕೇಳುವುದಿಲ್ಲ. ಹುಟ್ಟಿದಾಗಿನಿಂದ ನೋಡಿದ ಆ ಅಳತೆ, ಗೋಡೆಗೆ ತೂಗಿದ ದುಂಡನೆಯ ಲೋಹ ಕಂಡದ್ದೇ ಕೈಗೆ ಬಂದುಬಿಟ್ಟಿತ್ತು. ಬಿ.ಎಸ್ಸಿ. ಪಾಸಾದದ್ದು ನೀಲಾವತಿ, ಸ್ಕೇಲು ಹಿಡಿದದ್ದು ಮೋನಪ್ಪನ ಮಗಳು.

ಅವಳಿಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು. ಚೀಟಿ ತಪ್ಪಾಗಿದ್ದರೆ ಉಳಿದವರಿಗೆಲ್ಲ ಒಂಬೈನೂರ ಎಂಬತ್ತು ಹೇಗೆ ಬಂತು? ಬರಲು ಸಾಧ್ಯವೇ ಇಲ್ಲ. ತಟ್ಟೆಯನ್ನು ಮನಸ್ಸಿಟ್ಟು ಎಣಿಸಿದವಳು ಇಡೀ ಬ್ಯಾಚಿನಲ್ಲಿ ಒಬ್ಬಳೇ. ಅವಳನ್ನೇ ಎಲ್ಲರ ಮುಂದೆ ನಗೆಪಾಟಲು ಮಾಡಿ ಕಳಿಸಿದ್ದಾಯಿತು. ನೀಲಾವತಿಗೆ ನಾಚಿಕೆಯಾಯಿತು.

ಆಗಲೇ ವಿಭಾಗದ ಮುಖ್ಯಸ್ಥ ರಮಾನಾಥ ಮಾಸ್ತರರು ಕೋಟು ಕಳಚುತ್ತ ಒಳಗೆ ಬಂದರು. ನಿವೃತ್ತಿಗೆ ಹತ್ತಿರವಾದ, ಯಾರನ್ನೂ ಬಯ್ಯದ ಮನುಷ್ಯ. ನೀಲಾವತಿ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ಒರೆಸಿಕೊಂಡು ಚೀಟಿ ಓದಿದರು, ತಟ್ಟೆ ನೋಡಿದರು.

“ನಾನೂ ದಿನಾ ಇದರ ಮುಂದೆಯೇ ಓಡಾಡಿದ್ದೇನಲ್ಲ ನೀಲಾವತಿಬಾಯಿ, ನನ್ನ ಕಣ್ಣಿಗೂ ಬೀಳಲಿಲ್ಲ” ಎಂದರು. “ಉತ್ತರ ಸರಿ ಇದ್ದರೆ ಯಾರು ನೋಡ್ತಾರೆ ಹೇಳಿ. ಈಗೇನು, ಚೀಟಿ ಬದಲಿಸಿಬಿಡಿ. ಹುಡುಗಿಗೆ ಸಹಿ ಹಾಕಿ. ಗದ್ದಲ ಯಾತಕ್ಕೆ?”

ಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ನೀಲಾವತಿಗೂ ಆ ಕ್ಷಣ ಅದು ಹಿತವಾಗಿಯೇ ಕೇಳಿಸಿತು. ಅವಳೂ ಮನುಷ್ಯಳೇ. ದಾನವ್ವನಿಗೆ ಸಹಿ ಸಿಕ್ಕರಾಯಿತಲ್ಲ ಎಂದು ಪೆನ್ನು ತೆಗೆದು ಮೇಜಿನ ಮೇಲಿಟ್ಟಳು.

ಮಧ್ಯಾಹ್ನ ಬ್ಯಾಚು ಬಂತು. ದಾನವ್ವ ಎಲ್ಲರಿಗಿಂತ ಮೊದಲೇ ಮೇಜಿನ ಹತ್ತಿರ ಬಂದು ಜರ್ನಲು ಇಟ್ಟಳು. ಮುಖ ನೋಡಲಿಲ್ಲ. ನೀಲಾವತಿ ಪುಟ ತಿರುಗಿಸಿದಳು. ಇಪ್ಪತ್ತು ತೂಗಾಟಕ್ಕೆ ಇಪ್ಪತ್ತಮೂರು ಸೆಕೆಂಡಿನ ಮೇಲೆ ಒಂಚೂರು. ಉತ್ತರ ಒಂಬೈನೂರ ಎಂಬತ್ತು.

ತನ್ನ ಒಂದು ತಪ್ಪು ಅಳತೆ ಬೇರೆ ಯಾರನ್ನೂ ಕೆಡಿಸಿರಲಿಲ್ಲ, ಅವರು ಮೊದಲೇ ಕೆಟ್ಟಿದ್ದರು. ಕೆಡಿಸಿದ್ದು ಕೆಡದೆ ಉಳಿದಿದ್ದ ಒಬ್ಬಳನ್ನು.

“ಇದು ಯಾವಾಗ ತೂಗಿಸಿದ್ದು ದಾನವ್ವ?” ಎಂದು ಕೇಳಿದಳು.

ದಾನವ್ವ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

“ಹತ್ತೊಂಬತ್ತು ಬಂದಿತ್ತಲ್ಲ, ಅದು ಎಲ್ಲಿ?”

“ಹರದ ಒಗದೀನ್ರಿ” ಎಂದಳು ದಾನವ್ವ. ಆಮೇಲೆ ತಡೆಯಲಾಗದೆ, “ಏನ್ ಮಾಡ್ಲ್ರಿ ಅಕ್ಕೋರ? ಎಷ್ಟ ಸಲ ಎಣಸಿದ್ರೂ ಹತ್ತೊಂಬತ್ತs ಬರತೈತಿ. ನೀವು ತಪ್ಪ ಅಂದ್ರಿ. ನಮ್ಮಪ್ಪ ದಿನಾ ಕೇಳತಾನ, ಸಹಿ ಆತೇನವಾ, ಸಹಿ ಆತೇನವಾ ಅಂತ. ಸದಾನಂದ ಲೆಕ್ಕಾ ಹಾಕೂದು ತೋರ್ಸಿಕೊಟ್ಟ. ಬರ್ಯಾಕ ಕೈ ಬರವಲ್ದಾಗಿತ್ತರಿ. ಆದ್ರೂ ಬರದೆ.”

ನೀಲಾವತಿ ಎದ್ದಳು. ಮೇಜಿನ ಮೇಲಿನ ಪೆನ್ನನ್ನು ತೆಗೆದುಕೊಂಡು ಗೋಡೆಯ ಹತ್ತಿರ ಹೋಗಿ ಚೀಟಿಯ ಮೂವತ್ತಕ್ಕೆ ಗೀಟು ಎಳೆದಳು. ಪಕ್ಕದಲ್ಲಿ ಹದಿನೈದು ಎಂದು ಬರೆದಳು. ಆಮೇಲೆ ಇಡೀ ಲ್ಯಾಬಿಗೆ ಕೇಳುವಂತೆ, ಕನ್ನಡ ಬಾರದವರಿಗೂ ತಿಳಿಯಲಿ ಎಂದು ಇಂಗ್ಲಿಷಿನಲ್ಲೇ ಹೇಳಿದಳು. ಈ ಚೀಟಿ ಬರೆದದ್ದು ನಾನು. ಸೂಜಿಯಿಂದ ತಟ್ಟೆಯ ಮಧ್ಯಕ್ಕೆ ಅಳೆಯುವ ಬದಲು ತಳಕ್ಕೆ ಅಳೆದೆ. ತಪ್ಪು ನನ್ನದು. ದಾನವ್ವ ಶುಕ್ರವಾರ ಎಣಿಸಿದ್ದು ಸರಿ ಇತ್ತು, ನಾನು ಸುಮ್ಮಸುಮ್ಮನೆ ಅವಳನ್ನು ಬಯ್ದೆ. ನನ್ನನ್ನು ಕ್ಷಮಿಸಬೇಕು.

ಮೇಷ್ಟರು ಕ್ಷಮೆ ಕೇಳುವುದನ್ನು ಆ ಹುಡುಗರು ಅದುವರೆಗೆ ಕಂಡಿರಲಿಲ್ಲ. ರಮಾನಾಥ ಮಾಸ್ತರರು ತಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತರು.

“ಈಗ ಎಲ್ಲರೂ ನಿಮ್ಮ ನಿಮ್ಮ ಜರ್ನಲು ತೆಗೆಯಿರಿ” ಎಂದಳು ನೀಲಾವತಿ. “ಮೂವತ್ತರ ಜಾಗದಲ್ಲಿ ಹದಿನೈದು ಹಾಕಿ, ನೀವು ಎಣಿಸಿದ ಅದೇ ಸೆಕೆಂಡುಗಳಿಂದ ಮತ್ತೆ ಲೆಕ್ಕ ಮಾಡಿ.”

ಪೆನ್ಸಿಲುಗಳು ಓಡಿದವು. ಮೊದಲು ನಿಂತದ್ದು ಸದಾನಂದನ ಪೆನ್ಸಿಲು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ, ಅವನ ಕೈ ತಲೆಯ ಅಲೆಯ ಮೇಲೆ ಹೋಗಿತ್ತು.

“ಸದಾನಂದ, ಎಷ್ಟು ಬಂತು?”

“ಆರುನೂರ ಐವತ್ನಾಲ್ಕು, ಮಿಸ್.”

“ಓಹೋ. ಶುಕ್ರವಾರ ಭೂಮಿ ಒಂದೂವರೆ ಪಟ್ಟು ಎಳೀತಿತ್ತು. ಇವತ್ತು ನಿನಗೆ ಮೂರನೇ ಎರಡು ಪಾಲಿಗೆ ಇಳಿದಿದೆ. ಚೂರು ಜೋರಾಗಿ ಹಾರಿದರೆ ದಾದರಿಗೆ ಹೋಗಿ ಬೀಳ್ತೀಯ. ಟಿಕೇಟೂ ಬೇಡ.”

ನಗು ಸಿಡಿಯಿತು. ಸದಾನಂದನೂ ನಕ್ಕ. ನಗದೆ ಬೇರೆ ದಾರಿ ಇರಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ, “ಒಗ್ಗರಣೆ” ಎಂದರು.

“ಹೌದು, ಒಗ್ಗರಣೆ” ಎಂದಳು ನೀಲಾವತಿ. “ನನ್ನ ಮೂಗೂ ಕಟ್ಟಿತ್ತು, ಅದನ್ನೂ ಒಪ್ಪಿಕೊಂಡೆ. ಈಗ ಒಬ್ಬೊಬ್ಬರೇ ಬಂದು ತೂಗಿಸಿ. ಸಂಜೆ ಎಷ್ಟೊತ್ತಾದರೂ ನಾನು ಇಲ್ಲೇ ಇರ್ತೇನೆ. ಎಣಿಸಿದವರಿಗೆಲ್ಲ ಸಹಿ ಉಂಟು. ಮೊದಲು ದಾನವ್ವ.”

ದಾನವ್ವ ಕಣ್ಣು ಒರೆಸಿಕೊಂಡು ತಟ್ಟೆಯ ಮುಂದೆ ನಿಂತಳು. ಎಂಬತ್ತು ಬರೆದಿದ್ದ ಪುಟಕ್ಕೆ ತಾನೇ ಅಡ್ಡಗೀಟು ಎಳೆದು ಹೊಸ ಪುಟ ತೆರೆದಿದ್ದಳು. ಸ್ಕೇಲು ತೆಗೆದುಕೊಂಡು ಮೊದಲು ಸೂಜಿಯಿಂದ ಮಧ್ಯಕ್ಕೆ ಅಳೆದಳು. ಚೀಟಿಯಲ್ಲಿ ಹದಿನೈದು ಎಂದು ಬರೆದಿದ್ದರೂ ಅಳೆದಳು, ಮಿಸ್ಸಿನ ಕಣ್ಣೆದುರೇ. ನೀಲಾವತಿಗೆ ಅದು ಬಹಳ ಇಷ್ಟವಾಯಿತು. ಆಮೇಲೆ ತಟ್ಟೆಯನ್ನು ಎಳೆದು ಬಿಟ್ಟಳು. ಬಿಸಿಲಲ್ಲಿ ಹಿತ್ತಾಳೆ ಮಿಂಚುತ್ತ ಹೋಗಿ ಬಂತು, ಹೋಗಿ ಬಂತು. ಇಡೀ ಬ್ಯಾಚು ಅವಳ ಜೊತೆ ತುಟಿಯಲ್ಲೇ ಎಣಿಸಿತು. ಇಪ್ಪತ್ತಕ್ಕೆ ವಾಚು ನಿಂತಾಗ ಹತ್ತೊಂಬತ್ತರ ಮೇಲೆ ಒಂದು ಸಣ್ಣ ಗೆರೆ.

ಬೆಂಚಿನಲ್ಲಿ ಕೂತು ಲೆಕ್ಕ ಮಾಡಿ ಮುಗಿಸಿದಳು. ಪಕ್ಕದಿಂದ ಸದಾನಂದ ಬಗ್ಗಿ ನೋಡಿದ. ಒಂಬೈನೂರ ಎಪ್ಪತ್ನಾಲ್ಕು.

“ಅರೇ, ಆರು ಕಮ್ಮಿ ಇದೆ” ಎಂದು ಪಿಸುಗುಟ್ಟಿದ. “ಹತ್ತೊಂಬತ್ತರ ಮೇಲಿನ ಆ ಗೆರೆ ಬಿಟ್ಟುಬಿಡು. ಬರೋಬರ್ ಎಂಬತ್ತಕ್ಕಿಂತ ಮೇಲೆ ಬರ್ತದೆ.”

ನೀಲಾವತಿ ಕೇಳಿಸಿಕೊಂಡಳು. ಕೇಳಿಸದಂತೆ ಕಿಟಕಿಯ ಕಡೆ ತಿರುಗಿ ನಿಂತಳು. ತಾನು ಕೆಡಿಸಿದ್ದು ಎಷ್ಟು ಆಳಕ್ಕೆ ಇಳಿದಿದೆ ಎಂದು ಈಗ ಗೊತ್ತಾಗಬೇಕಿತ್ತು.

“ಒಲ್ಲೆ” ಎಂದಳು ದಾನವ್ವ. “ಗೆರಿ ನನ್ನ ಕಣ್ಣೀಗೆ ಕಂಡೈತಿ. ಎಷ್ಟ ಬಂದೈತ್ಯೋ ಅಷ್ಟs ಇರಲಿ.”

ನೀಲಾವತಿ ತಿರುಗಿ ಬಂದಳು. ಒಂಬೈನೂರ ಎಪ್ಪತ್ನಾಲ್ಕರ ಕೆಳಗೆ, ಎಂದೂ ಇಲ್ಲದಷ್ಟು ಉದ್ದವಾಗಿ, ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

ಸಂಜೆ ಸಯನ್ನಿನಲ್ಲಿ ಇಬ್ಬರೂ ಒಟ್ಟಿಗೇ ಇಳಿದರು. ಮೋನಪ್ಪ ದಾನವ್ವನಿಗೆ ತುಪ್ಪದ ದೋಸೆ ಕೊಟ್ಟು, “ಇವಳ ತಪ್ಪು ಹಿಡಿದವಳು ನೀನೇಯಾ ಮಗಾ? ಇನ್ನೊಂದು ತಿನ್ನು” ಎಂದ. ಗೋಡೆಯ ಮೊಳೆಗೆ ಹಳೆಯ ಕಾವಲಿ ತೂಗುತ್ತಿತ್ತು. ಕೈ ತೊಳೆದು ಬಂದ ದಾನವ್ವ ಅದನ್ನು ಬೆರಳಿನಿಂದ ಒಂಚೂರು ತಳ್ಳಿ ನೋಡಿದಳು.

ಆ ಚೀಟಿಯನ್ನು ಬದಲಿಸಿ ಹೊಸದು ಹಾಕೋಣವೇ ಎಂದು ರಮಾನಾಥ ಮಾಸ್ತರರು ಆಮೇಲೆ ಕೇಳಿದ್ದುಂಟು. ನೀಲಾವತಿ ಒಪ್ಪಲಿಲ್ಲ. ಗೀಟು ಹೊಡೆದ ಮೂವತ್ತು, ಪಕ್ಕದಲ್ಲಿ ಹದಿನೈದು, ಹಾಗೇ ಇರಲಿ ಎಂದಳು. ಹೊಸ ಬ್ಯಾಚಿನ ಹುಡುಗರು ಇದೇನು ಮಿಸ್ ಎಂದು ಕೇಳಿದರೆ, “ನನ್ನ ತಪ್ಪು ಅದು. ನೀವು ಚೀಟಿ ನಂಬಬೇಡಿ, ಸ್ಕೇಲು ತಗೊಳ್ಳಿ” ಎನ್ನುತ್ತಿದ್ದಳು, ಮತ್ತು ತಕ್ಕಡಿಗಳ ಬಟ್ಟೆ ಸರಿಸಲು ಹೋಗುತ್ತಿದ್ದಳು.